ಖಾರದ ಲೇಖನವನ್ನು ಕತ್ತರಿಸಿದ ವಾರ

ಅಥವಾ ಅದು ಮಾಳಿಗೆಯ ಮೇಲೆ ಆದದ್ದೇ ಅಲ್ಲವೇನೋ. ನನ್ನ ನೆನಪು ಅದನ್ನು ಅಲ್ಲಿಯೇ ಇಟ್ಟುಕೊಂಡಿದೆ: ಬ್ಯಾಡಗಿಯಲ್ಲಿ ನನ್ನ ಅಕ್ಕನ ಮನೆ, ಚಳಿ ಮುಗಿದು ಏರತೊಡಗಿದ ಬಿಸಿಲು, ಹಳೆಯ ಸೀರೆಗಳ ಮೇಲೆ ಹರವಿದ ಕೆಂಪು ಮೆಣಸಿನಕಾಯಿ, ಅದರ ಅಂಚಿನಲ್ಲಿ ಫೋನ್ ಹಿಡಿದು ಕೂತ ಅಕ್ಕನ ಮಗಳು. ಚಿತ್ರ ಇಷ್ಟು ಚೆನ್ನಾಗಿರುವುದೇ ನನ್ನ ಅನುಮಾನಕ್ಕೆ ಕಾರಣ. ಬಣ್ಣಗಳು ಇಷ್ಟು ಹೊಂದಿಕೊಂಡ ಮಧ್ಯಾಹ್ನ ನನಗೆ ಸಿಕ್ಕದ್ದು ಕಡಿಮೆ. ಬಹುಶಃ ನಾವು ಕೆಳಗೆ, ಫ್ಯಾನಿನ ಅಡಿಯಲ್ಲಿ, ಚುರುಮುರಿ ತಿನ್ನುತ್ತ ಕೂತಿದ್ದೆವು. ಮಾಳಿಗೆಯ ಫೋಟೊವನ್ನು ನಾನು ಆಮೇಲೆ ನೋಡಿದೆ; ನೋಡಿ, ಮೆಲ್ಲಗೆ ಅದರೊಳಗೆ ಹೋಗಿ ಕೂತೆ.

ಮಾತು ಮಾತ್ರ ಇದೇ, ಅದರಲ್ಲಿ ಸಂಶಯವಿಲ್ಲ. ಅಕ್ಕನ ಮಗಳು ತಲೆ ಎತ್ತದೆ ಹೇಳಿದಳು: "ಮಾಮಾ, ಇದನ್ನ ಯಾರೂ ಓದಂಗಿಲ್ಲ. ಕತ್ತರಸೋಣು."

'ಇದು' ಎಂದರೆ ನನ್ನ ಬ್ಲಾಗಿನ ಲೇಖನ. ಹಾವೇರಿಯಲ್ಲಿ ಕೂತು ಎಷ್ಟೋ ವರ್ಷಗಳಿಂದ ಒಂದು ಬ್ಲಾಗ್ ಬರೆಯುತ್ತಿದ್ದೇನೆ. ಅದನ್ನು ಓದುವವರಲ್ಲಿ ಹೆಚ್ಚಿನವರು ನನಗೆ ಮುಖಪರಿಚಯದವರು, ಉಳಿದವರು ದಾರಿ ತಪ್ಪಿ ಬಂದವರು. ಅಲ್ಲಿ ನನ್ನ ಇಷ್ಟದಂತೆ ಬರೆಯಬಹುದು: ಒಂದು ವಾಕ್ಯವನ್ನು ನಡುವಿನಿಂದ ಶುರು ಮಾಡಬಹುದು, ಮೇಲೆ ಹೇಳಿದ್ದನ್ನು ಕೆಳಗೆ ಅಲ್ಲಗಳೆಯಬಹುದು. ಆ ಸಲ ಅಕ್ಕನ ಮಸಾಲಿ ಖಾರದ ಬಗ್ಗೆ ಬರೆದಿದ್ದೆ. ಒಣಮೆಣಸಿನಕಾಯಿಯನ್ನು ಕೊತ್ತಂಬರಿ ಬೀಜ, ಜೀರಿಗೆ, ಒಣಕೊಬ್ಬರಿ, ಬೆಳ್ಳುಳ್ಳಿ, ಈರುಳ್ಳಿಯ ಜೊತೆ ಹುರಿದು, ಉಪ್ಪು ಬೆರೆಸಿ ಕುಟ್ಟಿಸಿ ವರ್ಷಕ್ಕಾಗುವಷ್ಟು ಇಟ್ಟುಕೊಳ್ಳುವ ಪುಡಿ ಅದು. ನಮ್ಮ ಕಡೆ ಅದಿಲ್ಲದೆ ಪಲ್ಯವಿಲ್ಲ. ಲೇಖನ ಉದ್ದವಾಗಿತ್ತು. ಫೋನಿನಲ್ಲಿ ಓದಿದರೆ ಹೆಬ್ಬೆರಳು ನೋಯುವಷ್ಟು ಉದ್ದ.

ನಾನು ಅದನ್ನು ಬರೆದದ್ದು ಸಾಹಿತ್ಯಕ್ಕಾಗಿ. ಅಕ್ಕನಿಗೆ ಬೇಕಾದದ್ದು ಬೇರೆ.

ಅಕ್ಕ ಪ್ರತಿ ಬೇಸಿಗೆಗೆ ಖಾರ ಕುಟ್ಟಿಸಿ ಸಂಬಂಧಿಕರಿಗೆ ಹಂಚುತ್ತಾಳೆ. ಅದರ ಡಬ್ಬಿಗಳು ಹಾವೇರಿ, ಹುಬ್ಬಳ್ಳಿ, ಪುಣೆಯವರೆಗೆ ಹೋಗುತ್ತವೆ. ಆ ವರ್ಷ ಅವಳು ಹೊರಗಿನವರಿಗೆ ಮಾರಬೇಕೆಂದು ಹಟ ಹಿಡಿದಿದ್ದಳು. ಊರ ಅಂಚಿನ ಖಾರ ಕುಟ್ಟುವ ಗಿರಣಿಯವನು ಬೇರೆಯವರ ಹಿಟ್ಟಿನ ವಾಸನೆ ಇಲ್ಲದಂತೆ ಮಷಿನ್ ತೊಳೆದು, ಒಂದು ಇಡೀ ದಿನ ಅವಳಿಗೇ ಬಿಟ್ಟುಕೊಡಲು ಒಪ್ಪಿದ್ದ. ಆದರೆ ಬುಟ್ಟಿಯಷ್ಟು ತಂದರೆ ಆಗದು, ಒಂದು ದಿನಕ್ಕಾಗುವಷ್ಟು ಮಾಲು ಬೇಕು, ಹೌದೋ ಅಲ್ಲವೋ ಎಂದು ಮುಂದಿನ ಶನಿವಾರದೊಳಗೆ ಹೇಳಬೇಕು. ಅಷ್ಟು ಬೇಡಿಕೆ ಮೊದಲೇ ಬರದಿದ್ದರೆ ಆ ದಿನ ಬೇರೆಯವರಿಗೆ. "ಮುಂದಿನ ವರ್ಷ ನೋಡೋಣು" ಎಂದು ಮನೆಯವರೆಲ್ಲ ಆಗಲೇ ಅನ್ನತೊಡಗಿದ್ದರು. ಮುಂದಿನ ವರ್ಷ ಎಂದರೆ ಏನೆಂದು ಅಕ್ಕನಿಗೆ ಗೊತ್ತಿತ್ತು.

"ಬೀಗರಿಗೆ ಕೊಟ್ಟ ಕೊಟ್ಟ ಸಾಕಾಗೇತಿ ತಮ್ಮಾ," ಎಂದಿದ್ದಳು. "ಭಾಳ ಛಲೋ ಆಗೇತಿ ಅಂತಾರ. ಪುಕ್ಕಟ ಕೊಟ್ಟ ಖಾರ ಯಾರಿಗೆ ಛಲೋ ಆಗಂಗಿಲ್ಲ ಹೇಳು? ನನ್ನ ಗುರ್ತಾ ಇಲ್ಲದಾಕಿ ಒಬ್ಬಾಕಿ ಉಂಡು ಹೇಳಬೇಕು. ಆಗ ನಾ ನಂಬ್ತೇನಿ."

ಅಕ್ಕನ ಮಗಳು ಮದುವೆಯಾಗಿ ರಾಣೆಬೆನ್ನೂರಿನಲ್ಲಿದ್ದಾಳೆ. ಮನೆಯಲ್ಲೇ ಕೂತು ಅಲ್ಲಿನ ಒಂದು ಸೀರೆ ಅಂಗಡಿಯ, ಒಬ್ಬ ಹಲ್ಲಿನ ಡಾಕ್ಟರರ ಪೇಜುಗಳನ್ನು ನೋಡಿಕೊಳ್ಳುವುದು ಅವಳ ಕೆಲಸ: ಫೋಟೊ ಹಾಕುವುದು, ಕೆಳಗೆ ನಾಲ್ಕು ಸಾಲು ಬರೆಯುವುದು, ಜನ ಕೇಳಿದ್ದಕ್ಕೆ ಉತ್ತರಿಸುವುದು. ತಾಯಿಯ ಖಾರಕ್ಕೂ ಒಂದು ಪೇಜ್ ತೆರೆದಿದ್ದಳು. ಏನು ಬರೆಯುವುದೆಂದು ಯೋಚಿಸುವಾಗ ನನ್ನ ಲೇಖನ ಕೈಗೆ ಸಿಕ್ಕಿತು.

"ಇದರಾಗ ಒಂದು ವಾರಕ್ಕ ಆಗುವಷ್ಟು ಮಾತ ಅದಾವ ಮಾಮಾ. ಆದರ ಎಲ್ಲಾ ಒಂದರ ಮ್ಯಾಲ ಒಂದ ಕುಂತಾವ, ಜಾತ್ರಿ ಬಸ್ಸಿನ್ಯಾಗ ಕುಂತಂಗ."

"ಅದು ಒಂದು ರಚನೆ," ಎಂದೆ ನಾನು. "ಒಂದಕ್ಕೊಂದು ಹೆಣೆದದ್ದು. ತೆಗೆದರೆ ಬಿಚ್ಚಿಹೋಗುತ್ತದೆ."

ಇಲ್ಲ, ಹೀಗೆ ಪುಸ್ತಕದ ಕನ್ನಡದಲ್ಲಿ ನಾನು ಮಾತಾಡಿರಲಾರೆ. "ಹರೀಬ್ಯಾಡ ಅದನ್ನ, ಭಾಳ ಕಷ್ಟಪಟ್ಟು ಹೆಣದೇನಿ" ಎಂದಿರಬೇಕು. ಅವಳು ಉತ್ತರಿಸುವ ಬದಲು ಫೋನ್ ನನ್ನ ಮೂಗಿನ ಮುಂದೆ ಹಿಡಿದಳು. ಒಂದು ಫೋಟೊ, ಅದರ ಕೆಳಗೆ ಬರಹದ ಮೊದಲ ಸಾಲಷ್ಟೇ ಕಾಣುತ್ತಿತ್ತು. ಉಳಿದದ್ದು 'ಇನ್ನಷ್ಟು' ಎಂಬ ಒಂದು ಪದದ ಹಿಂದೆ ಮಡಿಚಿಕೊಂಡಿತ್ತು.

"ಮಂದಿಗೆ ಇಷ್ಟ ಕಾಣೋದು. ಇದು ಹಿಡಿದ್ರ ಮುಂದಿಂದು ಒತ್ತತಾರ. ಈಗ ನಿನ್ನ ಲೇಖನದ ಮೊದಲನೇ ಸಾಲು ಓದಲ್ಯಾ?" ಗಂಟಲು ಸರಿಮಾಡಿಕೊಂಡು ಓದಿದಳು: "'ರುಚಿ ಎಂಬುದು ನೆನಪಿನ ಒಂದು ರೂಪವೋ, ನೆನಪೇ ರುಚಿಯ ಒಂದು ರೂಪವೋ ಎಂದು ನಿರ್ಧರಿಸುವ ಮುನ್ನ...' ಇಲ್ಲಿಗೆ ಮುಚ್ಚಿತು ನೋಡು. ನೀ ನಿರ್ಧರಿಸೋ ಮುನ್ನಾನ ಮಂದಿ ಯಾವುದೋ ನಾಯಿಮರಿ ವಿಡಿಯೊಕ್ಕ ಹ್ವಾದ್ರು."

ಅಕ್ಕ ನಕ್ಕಳು. ನಗುವಾಗ ಮೆಣಸಿನಕಾಯಿಯ ಘಾಟು ಒಳಗೆ ಹೋಗಿ ಸೀನತೊಡಗಿದಳು, ಸೀನುತ್ತ ಮತ್ತೆ ನಕ್ಕಳು. (ಹಾಗಾದರೆ ಮೆಣಸಿನಕಾಯಿ ಹತ್ತಿರವೇ ಇತ್ತು, ಮಾಳಿಗೆಯೇ ಇರಬಹುದು. ಆದರೆ ಬ್ಯಾಡಗಿಯಲ್ಲಿ ಸೀನಲು ಮಾಳಿಗೆ ಹತ್ತಬೇಕಾಗಿಲ್ಲ.)

ಅಕ್ಕನ ಮಗಳು ಕತ್ತರಿಸಿದ ರೀತಿಯನ್ನು ನಾನು ಪಕ್ಕದಲ್ಲಿ ಕೂತು ನೋಡಿದೆ. ಮೊದಲು ಇಡೀ ಲೇಖನ ಓದಿ, ಬೇರೆ ಯಾವುದರ ನೆರವಿಲ್ಲದೆ ನಿಲ್ಲಬಲ್ಲ ಮಾತುಗಳಿಗೆಲ್ಲ ಹಳದಿ ಬಣ್ಣ ಬಳಿದಳು. ಒಂದು ಬರಹಕ್ಕೆ ಒಂದೇ ಮಾತು. ಲೇಖನದಿಂದ ಎತ್ತಿ ಹಾಗೆಯೇ ಅಂಟಿಸುವಂತಿಲ್ಲ. ಆ ಮಾತನ್ನಿಟ್ಟುಕೊಂಡು ಹೊಸದಾಗಿ, ಚಿಕ್ಕದಾಗಿ, ಬಾಯಲ್ಲಿ ಹೇಳುವಂತೆ ಬರೆಯಬೇಕು. ಪ್ರತಿಯೊಂದಕ್ಕೂ ತಕ್ಕ ಫೋಟೊ ಬೇಕು. ಇಡೀ ಲೇಖನದ ಕೊಂಡಿಯನ್ನು ಬರಹದೊಳಗೆ ಹಾಕಿದರೆ ಒತ್ತಲು ಬರುವುದಿಲ್ಲ, ಹಾಗಾಗಿ ಅದು ಪೇಜಿನ ಮೇಲ್ಭಾಗದ ಪರಿಚಯದಲ್ಲಿ, ಅಕ್ಕನ ಫೋನ್ ನಂಬರಿನ ಪಕ್ಕದಲ್ಲಿ ಇರುತ್ತದೆ. ದಿನವೂ 'ಕೊಳ್ಳಿರಿ' ಎಂದರೆ ಜನ ಓಡಿಹೋಗುತ್ತಾರೆ. ಆ ಮಾತು ಕೊನೆಯ ದಿನಕ್ಕೆ.

ನಾನೊಂದು ಸಲಹೆ ಕೊಟ್ಟೆ. ವಾರಪತ್ರಿಕೆಯ ಧಾರಾವಾಹಿ ಓದಿ ಬೆಳೆದವನು ನಾನು. ಪ್ರತಿ ದಿನದ ಕೊನೆಗೆ 'ಮುಂದುವರಿಯುವುದು' ಎಂದು ಹಾಕೋಣ, ಮರುದಿನ 'ನಿನ್ನೆ ಹೇಳಿದಂತೆ' ಎಂದು ಶುರು ಮಾಡೋಣ ಎಂದೆ.

"ಫೋನ್ ಅದನ್ನ ಸಾಲಿಗೆ ಹಚ್ಚಿ ತೋರಸಂಗಿಲ್ಲ ಮಾಮಾ. ಒಬ್ಬಾಕಿಗೆ ಬುಧವಾರದ್ದು ಮೊದಲ ಕಾಣತೈತಿ, ಸೋಮವಾರದ್ದು ಶುಕ್ರವಾರ. ಇನ್ನೊಬ್ಬಾಕಿಗೆ ನಡುವಿಂದು ಒಂದ. ಅವರ ನಿನ್ನೆ ಬ್ಯಾರೆ, ನಮ್ಮ ನಿನ್ನೆ ಬ್ಯಾರೆ. ಯಾವುದು ಮೊದಲ ಬಂದ್ರೂ ನಿಲ್ಲಬೇಕು."

ಇದನ್ನು ಕೇಳಿದಾಗ ನನಗಾದ ಖುಷಿಯನ್ನು ಅವಳು ಅರ್ಥ ಮಾಡಿಕೊಳ್ಳಲಿಲ್ಲ, ಈಗಲೂ ಮಾಡಿಕೊಂಡಿಲ್ಲ. ಓದುಗ ಎಲ್ಲಿಂದಾದರೂ ಶುರು ಮಾಡಬಹುದಾದ ಒಂದು ಬರಹಕ್ಕಾಗಿ ನಾನು ಅರ್ಧ ಆಯುಷ್ಯ ತಿಣುಕಿದ್ದೇನೆ. ಸೀರೆ ಅಂಗಡಿಗೆ ಬರೆಯುವ ಹುಡುಗಿಗೆ ಅದು ದಿನನಿತ್ಯದ ಕೆಲಸ. ನಾನು ಕೂಡಲೇ ಕತ್ತರಿಯ ಪಕ್ಷ ಸೇರಿಕೊಂಡೆ. ಅಲ್ಲಿಯವರೆಗೆ ಪ್ರತಿ ವಾಕ್ಯಕ್ಕೂ ಜಗಳ ತೆಗೆದವನು, ಈಗ "ಇದನ್ನೂ ಕಡಿ, ಇದೂ ಉದ್ದ ಐತಿ" ಎನ್ನತೊಡಗಿದೆ. "ಇಷ್ಟ ಕಡಿದ್ರ ಖಾರದ ಹೆಸರಷ್ಟ ಉಳಿತೈತಿ, ಸುಮ್ಮನ ಕುಂದ್ರು" ಎಂದು ಬೈಸಿಕೊಂಡೆ.

ಸೋಮವಾರದ ಬರಹ ಲೇಖನದ ಹೊಟ್ಟೆಯಿಂದ ಬಂತು: "ಬ್ಯಾಡಗಿ ಸ್ಟೇಷನ್ ಬಂತೆಂದು ಮೊದಲು ತಿಳಿಯುವುದು ಮೂಗಿಗೆ." ರೈಲಿನ ಕಿಟಕಿಯ ಬಳಿ ಕೂತವರು ಒಬ್ಬರಾದ ಮೇಲೊಬ್ಬರು ಸೀನುವುದು, ಊರಿಗೆ ಬಂದ ಸೊಸೆಯರು ಮೊದಲ ವರ್ಷವಿಡೀ ಸೀನಿ ಆಮೇಲೆ ನಿಲ್ಲಿಸುವುದು, ಇಷ್ಟೇ. ಮಂಗಳವಾರದ್ದು ತೊಟ್ಟು ಬಿಡಿಸುವುದರ ಬಗ್ಗೆ. ಫೋಟೊದಲ್ಲಿ ಅಕ್ಕನ ಕೈ, ಕೊಬ್ಬರಿ ಎಣ್ಣೆ ಹಚ್ಚಿದ ಬೆರಳು. ಬುಧವಾರ ಅವ್ವನ ಖಾರ. ಗುರುವಾರ ಬಣ್ಣ: ಸುಕ್ಕು ಸುಕ್ಕಾದ ನಮ್ಮ ಕಾಯಿ ಕೆಂಪು ಹೆಚ್ಚು ಕೊಡುತ್ತದೆ, ಉರಿ ಕಡಿಮೆ. ಶುಕ್ರವಾರ ಯಾವುದನ್ನು ಮೊದಲು ಹುರಿಯಬೇಕು ಎಂಬುದು. ಶನಿವಾರ ಬೆಳಿಗ್ಗೆ ಬೇಕಾದವರು ಹೇಗೆ ತಿಳಿಸಬೇಕು ಎಂಬುದು. ಗಿರಣಿಯವನಿಗೆ ಉತ್ತರ ಕೊಡುವುದಕ್ಕೆ ಅಂದು ಸಂಜೆಯವರೆಗೆ ಸಮಯ. ಉಳಿದ ದಿನಗಳದ್ದು ಸಂಜೆಯ ಚಹಾದ ಹೊತ್ತಿಗೆ ತಾನಾಗಿ ಹೋಗುವಂತೆ ಅವಳು ಮೊದಲೇ ಹೊಂದಿಸಿಟ್ಟಳು. ಅದನ್ನೇ ಅಕ್ಕ ತನ್ನ ಫೋನಿನ ಸ್ಟೇಟಸ್ಸಿಗೂ ಹಾಕಬೇಕು. ಅದು ಒಂದು ದಿನವಿದ್ದು ಮಾಯವಾಗುತ್ತದೆ.

ಬಳಕೆಗೆ ಬಾರದ ತುಂಡುಗಳೂ ಉಳಿದವು. ಅವುಗಳಲ್ಲೊಂದನ್ನು ಬಿಡಲು ನನಗೆ ಮನಸ್ಸಿರಲಿಲ್ಲ.

ಲೇಖನದಲ್ಲಿ ಒಂದು ಕಡೆ ನಾನು ಹೀಗೆ ಬರೆದಿದ್ದೆ: "ನಮ್ಮವ್ವನ ಖಾರದಲ್ಲಿ ಬ್ಯಾಡಗಿ ಕಾಯಿ ಬಿಟ್ಟು ಬೇರೆ ಕಾಯಿ ಇರಲಿಲ್ಲ." ಕೆಲವು ಪ್ಯಾರಾ ದಾಟಿದ ಮೇಲೆ ಅದನ್ನೇ ಕೆದಕಿದ್ದೆ: "ಹಾಗೆಂದು ಬರೆದೆ. ಆದರೆ ಒಲೆಯ ಪಕ್ಕದ ಮೂಲೆಯಲ್ಲಿ ಒಂದು ಸಣ್ಣ ಚೀಲ ಇದ್ದ ನೆನಪು. ಅದರಲ್ಲಿನ ಕಾಯಿಗೆ ಸುಕ್ಕಿರಲಿಲ್ಲ." ಬುಧವಾರಕ್ಕೆ ಮೊದಲನೆಯ ವಾಕ್ಯ ಆಯ್ಕೆಯಾಯಿತು. ಎರಡನೆಯದು ಉಳಿದ ತುಂಡುಗಳ ರಾಶಿಗೆ ಹೋಯಿತು.

"ಇದು ಹೇಳಿದ್ದನ್ನ ತಾನ ಅಳಸತೈತಿ ಮಾಮಾ. ಒಂದ ಬರಹದಾಗ ಹೇಳೋದು, ಅಳಸೋದು ಎರಡೂ ಹಿಡಿಯಂಗಿಲ್ಲ."

"ಹಿಂಗ ಬಿಟ್ರ ಅದು ಖರೇ ಆಗಿಬಿಡತೈತಿ," ಎಂದೆ.

"ಆಗಲಿ ಬಿಡು. ಖರೇ ಆದ್ರ ಏನ ಆತು?"

ಸೋಮವಾರ, ಮಂಗಳವಾರ ಚೆನ್ನಾಗಿಯೇ ಹೋದವು. ಅಕ್ಕ ಪ್ರತಿ ಸಂಜೆ ನನಗೆ ಫೋನ್ ಮಾಡಿ ಯಾರು ಯಾರು ಹೃದಯದ ಗುರುತು ಒತ್ತಿದರು ಎಂದು ಓದಿ ಹೇಳುತ್ತಿದ್ದಳು. ಎಲ್ಲ ನಮ್ಮವರೇ. "ಇವನೂ ಬೀಗ, ಇವಳೂ ಬೀಗತಿ," ಎಂದು ನಿಟ್ಟುಸಿರು ಬಿಡುತ್ತಿದ್ದಳು.

ಬುಧವಾರ ಅಕ್ಕನ ಮಗಳು ಸೀರೆ ಅಂಗಡಿಯ ಫೋಟೊ ತೆಗೆಸುವ ಗಡಿಬಿಡಿಯಲ್ಲಿದ್ದಳು. ಬರಹ ತಾನಾಗಿ ಹೋಯಿತು. ನಾನು ಹಾವೇರಿಯ ಬಸ್‌ಸ್ಟ್ಯಾಂಡಿನ ಹತ್ತಿರ ಎಲ್ಲೋ ಇದ್ದೆ. ಚಹಾ ಕುಡಿಯುತ್ತಿದ್ದೆ ಎಂದು ಬರೆಯಲು ಕೈ ಹೋಗುತ್ತಿದೆ, ಆದರೆ ಚಹಾ ನಾನು ಈಗ ಸೇರಿಸಿದ್ದಿರಬೇಕು. ಫೋನ್ ಬಂದದ್ದು ಕುಪ್ಪೇಲೂರಿನಿಂದ, ನಮ್ಮ ಚಿಗವ್ವನದು. ಅವ್ವನ ತಂಗಿ. ಅವ್ವ ಹೋಗಿ ಬಹಳ ವರ್ಷಗಳಾದವು. ಚಿಗವ್ವ ಮಾತ್ರ ಇಬ್ಬರ ಪಾಲಿನ ದನಿಯಲ್ಲಿ ಮಾತಾಡುತ್ತಾಳೆ.

"ಏನೋ, ನಿಮ್ಮವ್ವನ ಮ್ಯಾಲ ಏನ ಬರದೀ?"

"ಛಲೋನ ಬರದೇನಲ್ಲ ಚಿಗವ್ವಾ."

"ಛಲೋ ಸುಳ್ಳ ಬರದೀ! ಬರೇ ಬ್ಯಾಡಗಿ ಕಾಯಿ ಅಂತ! ಹಂಗ ಮಾಡಿದ್ರ ನಿಮ್ಮಪ್ಪ ಉಣತಿದ್ನೇನು? ಬಾಯಿ ಸುಡಲಿಲ್ಲಂದ್ರ ಗಂಗಾಳ ಸರಸ್ತಿದ್ದ. ಗುಂಟೂರ ಕಾಯಿ ನಾನ ರಾಣೆಬೆನ್ನೂರ ಸಂತಿಯಿಂದ ತಂದ ಕೊಡತಿದ್ದೆ. ಬ್ಯಾಡಗಿ ಮಂದಿಗೆ ಗೊತ್ತಾದ್ರ ನಗತಾರ, ಯಾರಿಗೂ ಹೇಳಬ್ಯಾಡ ಅಂತಿದ್ಲು."

"ಮತ್ತ ಈಗ ಹೇಳಿದ್ಯಲ್ಲ?"

"ನೀ ಊರಿಗೆಲ್ಲಾ ಸುಳ್ಳ ಹೇಳೂದಾದ್ರ ನಾ ಒಬ್ಬಾಕಿ ಖರೇ ಹೇಳಬಾರದೇನು? ನಮ್ಮ ಸೊಸಿ ಕಡೆ ಅದರ ಕೆಳಗ ಬರಸೇನಿ, ನೋಡು ಬೇಕಾದ್ರ."

ನೋಡಿದೆ. ಫೋಟೊದ ಕೆಳಗೆ, ಯಾರು ಬೇಕಾದರೂ ಓದುವಂತೆ: "ಇದು ಖರೆ ಅಲ್ಲ. ನಾನು ಇವರ ಚಿಗವ್ವ."

ಐದು ನಿಮಿಷವೂ ಆಗಿರಲಿಲ್ಲ, ಅಕ್ಕನ ಫೋನು. ದನಿ ಸಣ್ಣದಾಗಿತ್ತು. "ತಮ್ಮಾ, ಖಾರ ಕುಟ್ಟಸೂಕಿಂತ ಮೊದಲ ಸುಳ್ಳ ಆತಲ್ಲೋ. ಗುರ್ತಾ ಇಲ್ಲದಾಕಿ ಒಬ್ಬಾಕಿ ಬಂದು ಇದನ್ನ ಓದಿದ್ರ ಏನ ಅನ್ಕೋಬೇಕು? ನಾ ಬರೇ ಬ್ಯಾಡಗಿ ಕಾಯಿದ್ದ ಮಾಡ್ತೇನಿ. ಅವ್ವಂದೂ ಹಂಗ ಇತ್ತು. ನನಗ ಗೊತ್ತಿಲ್ಲೇನು?"

ಲೇಖನದಲ್ಲಿ ಯಾರಿಗೂ ನೋವು ಮಾಡದೆ ಇದ್ದ ವಾಕ್ಯ ಅದು. ಅಲ್ಲಿ ಅದರ ಬೆನ್ನ ಹಿಂದೆಯೇ ಅನುಮಾನ ನಿಂತಿತ್ತು. ಒಂದನ್ನು ಮಾತ್ರ ಎತ್ತಿ ಬಿಸಿಲಿಗೆ ಇಟ್ಟಾಗ ಅದು ಸಾಕ್ಷಿ ಹೇಳಿದ ಹಾಗೆ ಕಾಣತೊಡಗಿತ್ತು.

ಮರುದಿನ ಬೆಳಿಗ್ಗೆ ನಾನು ಹಾವೇರಿಯಿಂದ, ಅಕ್ಕನ ಮಗಳು ರಾಣೆಬೆನ್ನೂರಿನಿಂದ ಬ್ಯಾಡಗಿಗೆ ಬಂದೆವು. ಅಕ್ಕ ಅವಲಕ್ಕಿ ಕಲಸಿಟ್ಟು, ಅದನ್ನು ಬಡಿಸಲು ಮರೆತು ಕೂತಿದ್ದಳು. ಬರಹವನ್ನೇ ಅಳಿಸಿದರೆ ಚಿಗವ್ವನ ಮಾತೂ ಹೋಗುತ್ತದೆ ಎಂದು ಮಗಳು ಹೇಳಿದಳು. ಅಕ್ಕನ ಮುಖ ಗೆಲುವಾಯಿತು.

"ಅಳಸಿದ್ರ ಚಿಗವ್ವ ಸುಮ್ಮನ ಕುಂದ್ರತಾಳೇನು?" ಎಂದೆ.

ಅಕ್ಕನ ಮುಖ ಮತ್ತೆ ಬಾಡಿತು. ಚಿಗವ್ವ ಕುಪ್ಪೇಲೂರಿನಿಂದ ಮೊದಲ ಬಸ್ಸಿಗೇ ಬಂದು ಬಾಗಿಲಲ್ಲಿ ನಿಲ್ಲುವುದು ನಮ್ಮ ಮೂವರ ಕಣ್ಣಿಗೂ ಕಟ್ಟಿತು.

"ಹಂಗಾದ್ರ ಅವ್ವ ಬೆರಸತಿದ್ಲು ಅಂತೀಯೇನು ನೀ?" ಅಕ್ಕ ನನ್ನತ್ತ ತಿರುಗಿದಳು.

"ಗೊತ್ತಿಲ್ಲ ಅಂತೀನಿ. ಲೇಖನದಾಗನೂ ಹಂಗ ಬರದೇನಿ. ಆ ಸಣ್ಣ ಚೀಲದ ತುಂಡು ಇವಳ ಕಡೆ ಉಳದೈತಿ."

ಅಕ್ಕನ ಮಗಳು ಉಳಿದ ತುಂಡುಗಳ ರಾಶಿ ತೆರೆದಳು. "ಅದನ್ನ ಇವತ್ತ ಹಾಕೋಣು. ಬಣ್ಣದ್ದು ನಾಳೆಗೆ, ಹುರಿಯೂದು ಬಿಟ್ಟಬಿಡೋಣು, ಶನಿವಾರದ್ದು ಅಲುಗಾಡಸೂದು ಬ್ಯಾಡ. ಆದರ ಮಾಮಾ, 'ನಿನ್ನೆ ಹೇಳಿದಂತೆ' ಅಂತ ಬರಿಯಾಕ ಬಿಡಂಗಿಲ್ಲ. ನಿನ್ನೆದು ನೋಡದಾಕಿಗೂ ತಿಳೀಬೇಕು."

ನಾವು ಮೂವರೂ ಸೇರಿ ಬರೆದೆವು. ಅಕ್ಕ ಹೇಳಿದ್ದು, ನಾನು ತಿದ್ದಿದ್ದು, ಮಗಳು ಕಡಿದದ್ದು. ಕೊನೆಗೆ ಉಳಿದದ್ದು ಹೀಗಿತ್ತು:

"ನಮ್ಮವ್ವ ಖಾರಕ್ಕೆ ಗುಂಟೂರು ಕಾಯಿ ಬೆರೆಸುತ್ತಿದ್ದಳೇ? ಹೌದು, ನಾನೇ ತಂದು ಕೊಡುತ್ತಿದ್ದೆ ಎನ್ನುತ್ತಾಳೆ ಚಿಗವ್ವ. ಇಲ್ಲವೇ ಇಲ್ಲ ಎನ್ನುತ್ತೇನೆ ನಾನು. ತಮ್ಮನಿಗೆ ಮೂಲೆಯಲ್ಲಿದ್ದ ಒಂದು ಸಣ್ಣ ಚೀಲ ನೆನಪಿದೆ. ಕೇಳೋಣವೆಂದರೆ ಅವ್ವ ಇಲ್ಲ. ನಾವು ಕುಟ್ಟಿಸುವುದು ಬ್ಯಾಡಗಿ ಕಾಯಿ ಮಾತ್ರ. ನಿಮ್ಮ ಮನೆಯಲ್ಲಿ ಏನು ಬೆರೆಸುತ್ತಿದ್ದರು?"

ಬುಧವಾರದ ಬರಹದ ಕೊನೆಗೂ ಒಂದು ಸಾಲು ಸೇರಿಸಿದೆವು: ಚಿಗವ್ವ ಒಪ್ಪುವುದಿಲ್ಲ, ಅವರ ಮಾತನ್ನು ಕೆಳಗೆ ಓದಿ.

ಇನ್ನು ಫೋಟೊ. ಚಿಗವ್ವನ ಒಪ್ಪಿಗೆ ಕೇಳಲು ಅಕ್ಕ ಫೋನ್ ಮಾಡಿ, ಮಾತು ಎಲ್ಲರಿಗೂ ಕೇಳುವಂತೆ ಇಟ್ಟಳು.

"ಚಿಗವ್ವಾ, ನೀ ಹೇಳಿದ್ದನ್ನ ಹಾಕಾಕತ್ತೇವಿ. ಸಿಟ್ಟ ಆಗಬ್ಯಾಡ."

"ನನ್ನ ಮಾತ ಹಾಕೂದಾದ್ರ ನನ್ನ ಫೋಟೊನ ಹಾಕ್ರಿ. ಮಂಗಳವಾರದಂಗ ನಿನ್ನ ಕೈ ಯಾಕ?"

"ಇದ್ರ ಕಳಸು."

"ಈಗಿಲ್ಲ. ತಲಿ ಹಿಕ್ಕೊಂಡಿಲ್ಲ."

ಮಧ್ಯಾಹ್ನದ ಹೊತ್ತಿಗೆ ಫೋಟೊ ಬಂತು. ಇಳಕಲ್ಲ ಸೀರೆ, ತಲೆತುಂಬ ಸೆರಗು, ಹಣೆಯಗಲದ ಕುಂಕುಮ. ಒಂದು ಕೈಯಲ್ಲಿ ಸುಕ್ಕುಗಟ್ಟಿದ ಬ್ಯಾಡಗಿ ಕಾಯಿ, ಇನ್ನೊಂದರಲ್ಲಿ ನುಣುಪಾದ ಗುಂಟೂರು ಕಾಯಿ, ಎರಡನ್ನೂ ತೂಗಿ ನೋಡುವವಳಂತೆ ಹಿಡಿದು, ನಗದೆ, ನೇರ ನಮ್ಮನ್ನೇ ನೋಡುತ್ತಿದ್ದಳು. ಹಿಂದೆ ಎಮ್ಮೆಯ ಅರ್ಧ ಮುಖ. ಅಕ್ಕನ ಮಗಳು ಎಮ್ಮೆಯನ್ನು ಕತ್ತರಿಸಲು ಹೋದಳು, ನಾನು ಬಿಡಲಿಲ್ಲ. ಆ ವಾರ ನಾನು ಗೆದ್ದ ಒಂದೇ ಜಗಳ ಅದು.

ಆ ಸಂಜೆ ಏನಾಯಿತೆಂಬುದನ್ನು ಕ್ರಮವಾಗಿ ಹೇಳಲಾರೆ, ಏಕೆಂದರೆ ಕ್ರಮವಾಗಿ ಆಗಲೇ ಇಲ್ಲ. ನಾನು ಹಾವೇರಿಗೆ ಮರಳದೆ ಅಲ್ಲಿಯೇ ಉಳಿದಿದ್ದೆ. ಫೋಟೊದ ಕೆಳಗೆ ಜನರ ಮಾತುಗಳು ಬೀಳತೊಡಗಿದವು. ಒಬ್ಬರ ಮನೆಯಲ್ಲಿ ಕರಿ ಎಳ್ಳು ಹಾಕುತ್ತಿದ್ದರಂತೆ. ಇನ್ನೊಬ್ಬರ ಅತ್ತೆ ಏನೋ ಹಾಕುತ್ತಿದ್ದಳು, ಅದೇನೆಂದು ಸೊಸೆಗೆ ಕೊನೆಯವರೆಗೂ ಹೇಳಲಿಲ್ಲವಂತೆ. ಒಬ್ಬ ಗಂಡಸು, ತನ್ನ ತಾಯಿ ಬರೇ ಬ್ಯಾಡಗಿ ಕಾಯಿಯದೇ ಮಾಡುತ್ತಿದ್ದಳು ಎಂದು ಆಣೆ ಮಾಡಿ ಬರೆದಿದ್ದ. ಅದರ ಕೆಳಗೇ ಅವನ ತಂಗಿ 'ಅಣ್ಣಾ, ನೀನು ಅಡಿಗೆಮನೆಗೆ ಯಾವಾಗ ಬಂದಿದ್ದೆ?' ಎಂದು ಕೇಳಿದ್ದಳು. ಅಕ್ಕ ಒಂದೊಂದನ್ನೂ ಜೋರಾಗಿ ಓದುತ್ತ, "ಇಕಿ ಯಾರ? ನಮ್ಮಾಕೆ ಅಲ್ಲ. ಇಂವ ಯಾರ? ನಮ್ಮಾಂವ ಅಲ್ಲ," ಎನ್ನುತ್ತಿದ್ದಳು. ಬೀಗರಲ್ಲದವರ ಹೆಸರನ್ನು ಅಷ್ಟು ಪ್ರೀತಿಯಿಂದ ಯಾರೂ ಓದಿರಲಾರರು.

ನಡುವೆ ಅವಳ ಫೋನು ಹೊಡೆದುಕೊಂಡಿತು. ಗುರುತಿಲ್ಲದ ನಂಬರು. ಅಕ್ಕ ಎದ್ದು ನಿಂತು ಮಾತಾಡಿದಳು.

"ಹೌದ್ರಿ, ನಾನ ಮಾಡಾಕಿ. ಇಲ್ರಿ, ಬೆರಸಂಗಿಲ್ರಿ. ಹೌದ್ರಿ, ನಮ್ಮ ಚಿಗವ್ವ ಹಂಗ ಅಂತಾಳ್ರಿ. ಇಲ್ರಿ, ಜಗಳ ಏನಿಲ್ರಿ. ಅಷ್ಟ ಖಾರ ಬೇಕಂದ್ರ ಅವರ ನಂಬರ ಕೊಡ್ಲೇನ್ರಿ? ಬ್ಯಾಡ್ರೇನು? ಹಂಗಾದ್ರ ನಂದ ಬರಕೊಳ್ಲೇನ್ರಿ?"

ಫೋನ್ ಇಟ್ಟು ನಮ್ಮನ್ನು ನೋಡಿದಳು. "ದಾವಣಗೆರಿಯಾಕಿ ಅಂತ. ನನ್ನ ಗುರ್ತಾನ ಇಲ್ಲ ಅಕಿಗೆ!" ನಮ್ಮ ಮನೆಯಲ್ಲಿ ಯಾರಿಗಾದರೂ ನೌಕರಿ ಸಿಕ್ಕಾಗ ಕೇಳುವ ದನಿ ಅದು. ಆಮೇಲೆ ನೆನಪಾಗಿ ಅವಲಕ್ಕಿ ಬಡಿಸಿದಳು. ಬೆಳಗಿನದು, ಮೆತ್ತಗಾಗಿತ್ತು. ತಿಂದೆವು.

ಶುಕ್ರವಾರ ಬಣ್ಣದ ಬರಹ ಹೋಯಿತು. ಕಡಿಮೆ ಉರಿ ಏಕೆ ಎಂದು ಹಿಂದಿನ ದಿನ ಕೇಳಿದವರಿಗೆ ಅದು ಉತ್ತರದ ಹಾಗೆ ಕಂಡಿತಂತೆ. ಅದನ್ನು ಬರೆದದ್ದು ಆ ಪ್ರಶ್ನೆಗಿಂತ ಮೊದಲು. ಶನಿವಾರದ ಬರಹ ಹೊರಬಿದ್ದ ಮೇಲೆ ಅಕ್ಕನ ಫೋನ್ ಚಾರ್ಜರಿನಿಂದ ಬಿಡಿಸಿಕೊಳ್ಳಲಿಲ್ಲ. ಒಂದು ದಿನದ ಮಾಲಿಗೆ ಸಾಕಾಗುವಷ್ಟು ಬೇಡಿಕೆ ಬಂದಿತ್ತು. ಸಂಜೆಗೆ ಮೊದಲೇ ಅಕ್ಕ ಗಿರಣಿಗೆ ತಾನೇ ನಡೆದುಹೋಗಿ ಹೌದು ಎಂದು ಹೇಳಿ ಬಂದಳು. ಫೋನಿನಲ್ಲಿ ಹೇಳಿದರೆ ಸಾಕಾಗುವುದಿಲ್ಲ ಎಂದು ಅವಳಿಗೆ ಅನ್ನಿಸಿತ್ತು.

ಗಿರಣಿಯ ದಿನ ಚಿಗವ್ವನೂ ಬಂದಳು. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಚೀಲಗಳನ್ನು ಒಂದೊಂದಾಗಿ ಬಿಚ್ಚಿಸಿ, ಸುಕ್ಕಿಲ್ಲದ ಕಾಯಿ ಒಂದೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, "ಇದು ನಿಮ್ಮವ್ವನ ಖಾರ ಅಲ್ಲ, ನಿನ್ನ ಖಾರ," ಎಂದು ಅಕ್ಕನಿಗೆ ತೀರ್ಪು ಕೊಟ್ಟಳು. ಅಕ್ಕ, "ಆತ ಬಿಡು, ನಂದ ಆಗಲಿ," ಎಂದಳು. ಎಲ್ಲರೂ ಸೀನಿದೆವು. ಕೆಂಪು ಪುಡಿ ಎಲ್ಲರ ರೆಪ್ಪೆಯ ಮೇಲೆ ಕೂತಿತ್ತು. ಇದಕ್ಕೆ ಫೋಟೊ ಇಲ್ಲ, ಯಾರ ಕೈಯೂ ಫೋನ್ ಮುಟ್ಟುವಂತಿರಲಿಲ್ಲ. ಆದ್ದರಿಂದ ಇದನ್ನು ನಾನು ಸ್ವಲ್ಪ ನಂಬುತ್ತೇನೆ.

ಕೆಲವು ವಾರಗಳ ಮೇಲೆ ದಾವಣಗೆರೆಯ ಹೆಣ್ಣುಮಗಳು ಒಂದು ಸಂದೇಶ ಕಳಿಸಿದಳು: ಬಣ್ಣ ಚೆನ್ನಾಗಿದೆ, ವಾಸನೆ ಚೆನ್ನಾಗಿದೆ, ಉಪ್ಪು ತುಸು ಕಡಿಮೆ, ಮುಂದಿನ ಸಲ ನೋಡಿ ಹಾಕಿ. ಅಕ್ಕ ಅದನ್ನು ನನಗೆ ಓದಿ ಹೇಳಿದಳು, ಭಾವನಿಗೆ ಓದಿ ಹೇಳಿದಳು, ಚಿಗವ್ವನಿಗೆ ಫೋನ್ ಮಾಡಿ ಓದಿ ಹೇಳಿದಳು. "ಉಪ್ಪ ಕಡಿಮಿ ಅಂತ! ಇಷ್ಟ ವರ್ಷ ಒಬ್ಬ ಬೀಗನೂ ಹೇಳಿದ್ದಿಲ್ಲ ನೋಡು ಈ ಮಾತು."

ಆ ವಾರ ಅಷ್ಟು ಜನರನ್ನು ಕರೆತಂದದ್ದು ಏನು ಎಂದು ಅಕ್ಕನ ಮಗಳೂ ನಾನೂ ಆಮೇಲೆ ಕೂತು ಹುಡುಕಿದೆವು. ಯಾವ ಬರಹವನ್ನು ಎಷ್ಟು ಜನ ನೋಡಿದರು ಎಂದು ಪೇಜ್ ತೋರಿಸುತ್ತದೆ. ನೋಡಿದವರಲ್ಲಿ ಯಾರು ಅದರಿಂದಾಗಿ ಫೋನ್ ಮಾಡಿದರು ಎಂದು ತೋರಿಸುವುದಿಲ್ಲ. ಖಾರ ಕೊಂಡವರನ್ನೇ ಅಕ್ಕ ಕೇಳಿದಳು. ಒಬ್ಬರು ಚಿಗವ್ವನ ಫೋಟೊ ಎಂದರು. ಇನ್ನೊಬ್ಬರು ರೈಲಿನ ಸೀನು ಎಂದರು. ಮತ್ತೊಬ್ಬರು ಹಾಡು ಹೇಳುತ್ತ ತೊಟ್ಟು ಬಿಡಿಸುವ ಹೆಂಗಸರ ಬಗ್ಗೆ ಓದಿದೆ ಎಂದರು. ಅಂಥದ್ದನ್ನು ನಾವು ಬರೆದೇ ಇರಲಿಲ್ಲ. ಹಲವರು ಕುಪ್ಪೇಲೂರಿನಿಂದ ಯಾರೋ ಕಳಿಸಿದ್ದರು ಎಂದರು, ಏನನ್ನು ಎಂದು ಅವರಿಗೆ ನೆನಪಿರಲಿಲ್ಲ. ಇಡೀ ಲೇಖನವನ್ನು ಓದಿ ಬಂದೆ ಎಂದವರು ಯಾರೂ ಸಿಗಲಿಲ್ಲ, ಆದರೆ ಎಲ್ಲರನ್ನೂ ನಾವು ಕೇಳಲಿಲ್ಲ.

ಹಾಗಾಗಿ ಯಾವ ಮಾತು ಯಾರನ್ನು ಅಕ್ಕನ ಬಾಗಿಲಿಗೆ ತಂದಿತೋ ನನಗೆ ತಿಳಿದಿಲ್ಲ. ಅವ್ವ ಗುಂಟೂರು ಕಾಯಿ ಬೆರೆಸುತ್ತಿದ್ದಳೋ ಇಲ್ಲವೋ, ಅದೂ ತಿಳಿದಿಲ್ಲ.